ಆಮ್ಲಜನಕದ ಸಾಧನಗಳು, ಫ್ಲೋ ಮತ್ತು ನಿಗಾ: ಪಾಠದ ರೂಪರೇಖೆ

ತರಗತಿ: ಎರಡನೇ ವರ್ಷದ ನರ್ಸಿಂಗ್, ಕಲಬುರಗಿ
ಸಮಯ: 90 ನಿಮಿಷ. ಅದರಲ್ಲಿ ಕೊನೆಯ 30 ನಿಮಿಷ ಕೈಯಿಂದ ಮಾಡುವ ಅಭ್ಯಾಸ
ಮೇಜಿನ ಮೇಲೆ ಇರಬೇಕಾದ್ದು: ಬಿ ಟೈಪ್ ಸಿಲಿಂಡರ್, ಕೀಲಿ, ರೆಗ್ಯುಲೇಟರ್, ಫ್ಲೋಮೀಟರ್, ಹ್ಯೂಮಿಡಿಫೈಯರ್ ಬಾಟಲಿ, ನೇಸಲ್ ಪ್ರಾಂಗ್ಸ್, ಸಾದಾ ಮಾಸ್ಕ್, ಚೀಲ ಇರುವ ಎನ್‌ಆರ್‌ಬಿ ಮಾಸ್ಕ್, ವೆಂಚುರಿ ಸೆಟ್, ಪಲ್ಸ್ ಆಕ್ಸಿಮೀಟರ್, ಸೆಕೆಂಡ್ ಮುಳ್ಳಿರುವ ಗಡಿಯಾರ

1. ಶುರುವಿಗೆ ಒಂದು ಪ್ರಶ್ನೆ (5 ನಿಮಿಷ)

ವಿದ್ಯಾರ್ಥಿಗಳನ್ನು ಕೇಳಿ: "ಡಾಕ್ಟರ್ ಬರೀ 'ಆಕ್ಸಿಜನ್ ಹಚ್ಚಿ' ಅಂದರೆ ನೀವು ಏನು ಹಚ್ಚುತ್ತೀರಿ?" ಮೂರ್ನಾಲ್ಕು ಬೇರೆ ಬೇರೆ ಉತ್ತರ ಬರುತ್ತವೆ. ಬರಲಿ.

ಆಮ್ಲಜನಕ ಒಂದು ಔಷಧಿ. ಅದಕ್ಕೂ ಡೋಸ್ ಇದೆ, ಹೆಚ್ಚಾದರೆ ತೊಂದರೆ ಇದೆ. ಆದ್ದರಿಂದ ಆರ್ಡರ್‌ನಲ್ಲಿ ಮೂರು ಸಂಗತಿ ಇರಬೇಕು: ಯಾವ ಸಾಧನ, ಎಷ್ಟು ಫ್ಲೋ, ಸ್ಯಾಚುರೇಶನ್ ಎಷ್ಟರಲ್ಲಿ ಇಡಬೇಕು. ಮೂರನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ನೀವು ಕೇಳಿ. ಸಾಧನ ಬದಲಾಗಬಹುದು, ಫ್ಲೋ ಬದಲಾಗಬಹುದು. ಈ ಗುರಿ ಗೊತ್ತಿದ್ದರೆ ಮಾತ್ರ ಅವನ್ನು ಯಾವ ಕಡೆ ಬದಲಿಸಬೇಕು ಅಂತ ತಿಳಿಯುತ್ತದೆ.

- ಹೆಚ್ಚಿನ ವಯಸ್ಕ ರೋಗಿಗಳಿಗೆ ಗುರಿ: 94–98%
- ಸಿಒಪಿಡಿಯಂಥ ಕಾಯಿಲೆಯಿಂದ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಕೂಡಿಕೊಳ್ಳುವ ಅಪಾಯ ಇರುವವರಿಗೆ: 88–92%
- ಜೀವಕ್ಕೆ ಅಪಾಯ ಇರುವ ತುರ್ತಿನಲ್ಲಿ ಆರ್ಡರ್ ಹಾಳೆಗಾಗಿ ಕಾಯಬೇಡಿ. ಎನ್‌ಆರ್‌ಬಿಯಲ್ಲಿ 15 ಲೀಟರ್ ಕೊಟ್ಟು ಡಾಕ್ಟರನ್ನು ಕರೆಯಿರಿ. ಸ್ಥಿರವಾದ ಮೇಲೆ ಗುರಿಗೆ ತಕ್ಕಂತೆ ಇಳಿಸಬಹುದು.

2. ಸಾಧನಗಳು (25 ನಿಮಿಷ)

ಮೊದಲು ಇದನ್ನು ಬೋರ್ಡ್ ಮೇಲೆ ಬರೆಯಿರಿ: ಹೊರಗಿನ ಗಾಳಿಯಲ್ಲಿ ಆಮ್ಲಜನಕ 21%. ನಾವು ಆರಾಮಾಗಿ ಉಸಿರು ಎಳೆಯುವಾಗಲೂ ಗಾಳಿ ನಿಮಿಷಕ್ಕೆ 30 ಲೀಟರ್ ವೇಗದಲ್ಲಿ ಒಳಗೆ ಹೋಗುತ್ತದೆ. ದಮ್ಮು ಹತ್ತಿದವರಲ್ಲಿ ಇದು ಇನ್ನೂ ಜಾಸ್ತಿ. ನಾವು ಪ್ರಾಂಗ್ಸ್‌ನಲ್ಲಿ ಕೊಡುವುದು 3–4 ಲೀಟರ್ ಮಾತ್ರ. ಉಳಿದದ್ದು ಕೋಣೆಯ ಗಾಳಿ. ಅದೇ ಗಟ್ಟಿ ಮಜ್ಜಿಗೆಗೆ ಹೆಚ್ಚು ನೀರು ಬಿದ್ದಷ್ಟೂ ತೆಳ್ಳಗಾದಂತೆ, ರೋಗಿ ಜೋರಾಗಿ ಎಳೆದಷ್ಟೂ ಆಮ್ಲಜನಕದ ಪ್ರಮಾಣ ಕಡಿಮೆಯಾಗುತ್ತದೆ. ಹಾಗಾಗಿ ಕೆಳಗಿನ ಶೇಕಡಾಗಳು ಅಂದಾಜು. ವೆಂಚುರಿ ಒಂದೇ ಇದಕ್ಕೆ ಹೊರತು.

ನೇಸಲ್ ಪ್ರಾಂಗ್ಸ್: 1–6 ಲೀಟರ್, ಸುಮಾರು 24–44%. ಒಂದೊಂದು ಲೀಟರ್‌ಗೆ ಸುಮಾರು 4% ಏರುತ್ತದೆ. ರೋಗಿ ಮಾತಾಡಬಹುದು, ಗಂಜಿ ಕುಡಿಯಬಹುದು. 4 ಲೀಟರ್ ದಾಟಿದರೆ ಮೂಗು ಒಣಗುತ್ತದೆ, ಹ್ಯೂಮಿಡಿಫೈಯರ್ ಬೇಕು. ಪ್ರಾಂಗ್ಸ್‌ನ ಬಾಗು ಮೂಗಿನ ಒಳಮೈ ಕಡೆಗೆ ಇರಲಿ.

ಸಾದಾ ಮಾಸ್ಕ್: 5–10 ಲೀಟರ್, ಸುಮಾರು 35–60%. ಇಲ್ಲಿ ಒಂದೇ ಮಾತನ್ನು ಒತ್ತಿ ಹೇಳಿ: 5 ಲೀಟರ್‌ಗಿಂತ ಕಡಿಮೆ ಇಡಬಾರದು. ಇಟ್ಟರೆ ಬಿಟ್ಟ ಉಸಿರು ಮಾಸ್ಕ್‌ನಲ್ಲೇ ಉಳಿದು ರೋಗಿ ಅದನ್ನೇ ಮತ್ತೆ ಎಳೆದುಕೊಳ್ಳುತ್ತಾನೆ. ಫ್ಲೋ 5ಕ್ಕಿಂತ ಕೆಳಗೆ ಇಳಿಸುವಷ್ಟು ಸುಧಾರಿಸಿದ್ದರೆ ಪ್ರಾಂಗ್ಸ್‌ಗೆ ಬದಲಿಸಿ.

ಎನ್‌ಆರ್‌ಬಿ: 10–15 ಲೀಟರ್. ಮುಖಕ್ಕೆ ಸರಿಯಾಗಿ ಕೂತರೆ 60–90%. ಇದನ್ನು ಮಾಡಿ ತೋರಿಸಿ. ಮೊದಲು ಫ್ಲೋ ಬಿಡಿ, ಒಳಗಿನ ವಾಲ್ವನ್ನು ಬೆರಳಿನಿಂದ ಒತ್ತಿ ಚೀಲ ತುಂಬಿಸಿ, ಆಮೇಲೆ ಮುಖಕ್ಕೆ ಹಾಕಿ. ಉಸಿರು ಎಳೆದಾಗ ಚೀಲ ಸ್ವಲ್ಪ ಕುಗ್ಗಬೇಕು, ಪೂರ್ತಿ ಚಪ್ಪಟೆ ಆಗಬಾರದು. ಚಪ್ಪಟೆ ಆದರೆ ಫ್ಲೋ ಸಾಲುತ್ತಿಲ್ಲ ಅಂತ ಅರ್ಥ. ಚೀಲ ಕದಲದೇ ಇದ್ದರೆ ಮಾಸ್ಕ್ ಸಡಿಲವಾಗಿದೆಯಾ, ರೋಗಿ ಉಸಿರಾಡುತ್ತಿದ್ದಾನಾ, ತಕ್ಷಣ ನೋಡಿ. ಚೀಲ ಹೊದಿಕೆಯ ಕೆಳಗೆ ಸಿಕ್ಕಿಕೊಂಡು ಮಡಚಿರುವುದೂ ಉಂಟು. ಹೊದಿಕೆ ಸರಿಸದೆ ಅದು ಕಾಣುವುದಿಲ್ಲ.

ವೆಂಚುರಿ: ಸಣ್ಣ ರಂಧ್ರದಿಂದ ಆಮ್ಲಜನಕ ರಭಸವಾಗಿ ನುಗ್ಗುತ್ತದೆ, ಪಕ್ಕದ ಕಿಂಡಿಗಳಿಂದ ಕೋಣೆಯ ಗಾಳಿಯನ್ನು ಗೊತ್ತಾದ ಪ್ರಮಾಣದಲ್ಲಿ ಎಳೆದುಕೊಳ್ಳುತ್ತದೆ. 28%ರ ವಾಲ್ವ್‌ಗೆ 4 ಲೀಟರ್ ಕೊಟ್ಟರೆ ರೋಗಿಗೆ ಒಟ್ಟು ಸುಮಾರು 45 ಲೀಟರ್ ಮಿಶ್ರಣ ಹರಿಯುತ್ತದೆ. ಲೆಕ್ಕ ಬೋರ್ಡ್ ಮೇಲೆ ಮಾಡಿಸಿ:

(100 − 28) ÷ (28 − 21) = ಸುಮಾರು 10. ಅಂದರೆ 1 ಲೀಟರ್ ಆಮ್ಲಜನಕಕ್ಕೆ 10 ಲೀಟರ್ ಗಾಳಿ.

ಇಷ್ಟು ಹರಿವು ಇರುವುದರಿಂದಲೇ ಶೇಕಡಾ ನಂಬಬಹುದು. ಸಾಮಾನ್ಯವಾಗಿ ಸಿಗುವ ಬಣ್ಣಗಳು: ನೀಲಿ 24%, 2 ಲೀಟರ್. ಬಿಳಿ 28%, 4 ಲೀಟರ್. ಕಿತ್ತಳೆ 31%, 6 ಲೀಟರ್. ಹಳದಿ 35%, 8 ಲೀಟರ್. ಕೆಂಪು 40%, 10 ಲೀಟರ್. ಹಸಿರು 60%, 15 ಲೀಟರ್. ಕಂಪನಿಯಿಂದ ಕಂಪನಿಗೆ ಬಣ್ಣ ಬೇರೆ ಆಗಬಹುದು. ವಾಲ್ವ್ ಮೇಲೆ ಅಚ್ಚಾದ ಸಂಖ್ಯೆಯೇ ಕೊನೆಯ ಮಾತು. ಕಿಂಡಿಗಳ ಮೇಲೆ ಚಾದರ ಬೀಳದಂತೆ ನೋಡಿಕೊಳ್ಳಿ.

ಎಚ್‌ಎಫ್‌ಎನ್‌ಸಿ, ಅಂದರೆ ಹೈ ಫ್ಲೋ ನೇಸಲ್ ಕ್ಯಾನುಲಾ: ಬಿಸಿ ಮಾಡಿ ತೇವಗೊಳಿಸಿದ ಗಾಳಿ, 60 ಲೀಟರ್‌ವರೆಗೆ. ಐಸಿಯು ಪೋಸ್ಟಿಂಗ್‌ನಲ್ಲಿ ನೋಡುತ್ತೀರಿ, ಇವತ್ತು ಹೆಸರು ಗೊತ್ತಿದ್ದರೆ ಸಾಕು.

ಮಕ್ಕಳು: ನವಜಾತ ಶಿಶುವಿಗೆ ಪ್ರಾಂಗ್ಸ್‌ನಲ್ಲಿ ½–1 ಲೀಟರ್, ಶಿಶುವಿಗೆ 1–2 ಲೀಟರ್. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಆಮ್ಲಜನಕ ಜಾಸ್ತಿಯಾದರೆ ಕಣ್ಣಿನ ರೆಟಿನಾ ಕೆಡಬಹುದು. ಉಳಿದದ್ದು ಮಕ್ಕಳ ವಿಭಾಗದ ಪಾಠದಲ್ಲಿ.

3. ಗೋಡೆಯಿಂದ ರೋಗಿಯ ತನಕ (10 ನಿಮಿಷ)

- ಫ್ಲೋಮೀಟರ್ ನೆಟ್ಟಗೆ ಇರಬೇಕು. ಕಣ್ಣನ್ನು ಗುಂಡಿನ ಮಟ್ಟಕ್ಕೆ ತಂದು, ಗುಂಡಿನ ಮಧ್ಯಭಾಗ ಯಾವ ಗೆರೆ ಮೇಲಿದೆ ಅಂತ ಓದಿ.
- ಹ್ಯೂಮಿಡಿಫೈಯರ್‌ಗೆ ಸ್ಟೆರೈಲ್ ನೀರು, ಎರಡು ಗೆರೆಗಳ ನಡುವೆ. ನಲ್ಲಿ ನೀರು ಬೇಡವೇ ಬೇಡ. ಹಳೆ ನೀರಿನ ಮೇಲೆ ಹೊಸ ನೀರು ಸುರಿಯಬಾರದು. ಚೆಲ್ಲಿ, ತೊಳೆದು, ತುಂಬಿಸಿ.
- ಗುಳ್ಳೆ ಬರದಿದ್ದರೆ ಮುಚ್ಚಳ ಓರೆಯಾಗಿ ಕೂತಿರಬಹುದು. ಟ್ಯೂಬನ್ನು ಹಿಡಿದು ಮಡಚಿದಾಗ ಬಾಟಲಿ ಸಿಳ್ಳೆ ಹಾಕಿದರೆ ಸೋರಿಕೆ ಇಲ್ಲ ಅಂತ ಗೊತ್ತಾಗುತ್ತದೆ.
- ಕಾನ್ಸೆಂಟ್ರೇಟರ್ ಕರೆಂಟ್ ಮೇಲೆ ಓಡುತ್ತದೆ, ಪಕ್ಕದಲ್ಲಿ ಸಿಲಿಂಡರ್ ಇರಲೇಬೇಕು. ನಮ್ಮ ಕಡೆಯ ಧೂಳಿಗೆ ಫಿಲ್ಟರ್ ಬೇಗ ಕಟ್ಟುತ್ತದೆ. 5 ಲೀಟರ್ ಯಂತ್ರಕ್ಕೆ ಎನ್‌ಆರ್‌ಬಿ ಜೋಡಿಸಿ ಉಪಯೋಗವಿಲ್ಲ.
- ಬೆಂಕಿ: ಬೀಡಿ, ದೀಪ, ಊದುಬತ್ತಿ ಹತ್ತಿರ ಬೇಡ. ಮನೆಯವರು ಪ್ರಸಾದದ ಜೊತೆ ಊದುಬತ್ತಿ ತಂದು ತಲೆದಿಂಬಿನ ಹತ್ತಿರ ಹಚ್ಚಲು ಹೋದರೆ, ಗದರಿಸದೆ, ಯಾಕೆ ಬೇಡ ಅಂತ ತಿಳಿಸಿ ಹೇಳಿ. ರೆಗ್ಯುಲೇಟರ್‌ಗೆ ಎಣ್ಣೆ ಹಚ್ಚಬಾರದು. ಒಣಗಿದ ಮೂಗಿಗೆ ವ್ಯಾಸಲೀನ್ ಬೇಡ, ನೀರಿನಂಶದ ಜೆಲ್ ಬಳಸಿ.

ಸಿಲಿಂಡರ್ ಲೆಕ್ಕ. ಇದನ್ನು ಪ್ರತಿಯೊಬ್ಬರೂ ತಮ್ಮ ನೋಟ್‌ಬುಕ್‌ನಲ್ಲಿ ಮಾಡಬೇಕು. ನಮ್ಮ ಭಾಗದಲ್ಲಿ ರೋಗಿಯನ್ನು ದೂರ ಸಾಗಿಸುವುದು ದಿನದ ಮಾತು. ಬಿ ಟೈಪ್ ಸಿಲಿಂಡರ್‌ನ ಒಳಗಿನ ಗಾತ್ರ ಸುಮಾರು 10 ಲೀಟರ್. ಗೇಜ್ 150 ಬಾರ್ ತೋರಿಸಿದರೆ 10 × 150 = 1500 ಲೀಟರ್ ಆಮ್ಲಜನಕ ಇದೆ.

ಪ್ರಶ್ನೆ: ಯಾದಗಿರಿಯಿಂದ ಕಲಬುರಗಿಗೆ ರೋಗಿ ಬರಬೇಕು. ದಾರಿ ಎರಡು ತಾಸು ಅಂತ ಹಿಡಿಯೋಣ. ಫ್ಲೋ 10 ಲೀಟರ್. ಗೇಜ್ 90 ಬಾರ್ ತೋರಿಸುತ್ತಿದೆ. ಹೊರಡಬಹುದಾ?

ಉತ್ತರ: 10 × 90 = 900 ಲೀಟರ್. 900 ÷ 10 = 90 ನಿಮಿಷ. ದಾರಿ 120 ನಿಮಿಷ. ಅರ್ಧ ತಾಸಿನ ಆಮ್ಲಜನಕ ಕಡಿಮೆ ಬೀಳುತ್ತದೆ. ತುಂಬಿದ ಸಿಲಿಂಡರ್ ಇದ್ದರೂ 150 ನಿಮಿಷ ಮಾತ್ರ. ರೈಲ್ವೆ ಗೇಟ್ ಬಿದ್ದರೆ, ಟೈರ್ ಪಂಕ್ಚರ್ ಆದರೆ? ಎರಡನೇ ಸಿಲಿಂಡರ್ ಮತ್ತು ಕೀಲಿ ಗಾಡಿಯೊಳಗೆ ಇರುವುದನ್ನು ಕಣ್ಣಾರೆ ನೋಡಿಯೇ ಹೊರಡಬೇಕು.

4. ನಿಗಾ (20 ನಿಮಿಷ, ಪಾಠದ ಮುಖ್ಯ ಭಾಗ ಇದೇ, ಅವಸರ ಬೇಡ)

ಈ ರೋಗಿಯ ಕಥೆ ಓದಿ ಹೇಳಿ. ಪಾಠಕ್ಕಾಗಿ ಕಟ್ಟಿದ್ದು, ಆದರೆ ಇಂಥವರು ವಾರ್ಡಿನಲ್ಲಿ ಸಿಕ್ಕೇ ಸಿಗುತ್ತಾರೆ.

ಜೇವರ್ಗಿ ಕಡೆಯ ಹಳ್ಳಿಯ 58 ವರ್ಷದ ಹೆಂಗಸು. ಬೀಡಿ ಮುಟ್ಟಿದವರಲ್ಲ. ಚಿಕ್ಕಂದಿನಿಂದ ಕಟ್ಟಿಗೆ ಒಲೆಯ ಮುಂದೆ ರೊಟ್ಟಿ ಬಡಿದವರು. ಹಲವು ವರ್ಷದಿಂದ ದಮ್ಮು. ಡಿಸೆಂಬರ್ ಚಳಿಗೆ ಜಾಸ್ತಿಯಾಗಿ ರಾತ್ರಿ ದಾಖಲಾದರು. ಸ್ಯಾಚುರೇಶನ್ 82%, ಉಸಿರು ನಿಮಿಷಕ್ಕೆ 30. ಎನ್‌ಆರ್‌ಬಿಯಲ್ಲಿ 15 ಲೀಟರ್ ಹಚ್ಚಿದರು. ಒಂದು ತಾಸಿನ ನಂತರ ಸ್ಯಾಚುರೇಶನ್ 99%. ಮಗಳು ನರ್ಸ್‌ಗೆ ಹೇಳುತ್ತಾಳೆ: "ಈಗ ಅವ್ವ ಚಂದ ಮಲಗ್ಯಾಳ್ರಿ ಸಿಸ್ಟರ್. ಎಬ್ಬಿಸಬ್ಯಾಡ್ರಿ."

ತರಗತಿಯನ್ನು ಕೇಳಿ: ಇದು ಒಳ್ಳೆಯ ಸುದ್ದಿಯಾ?

ಎಬ್ಬಿಸಲೇಬೇಕು. ಹೆಸರು ಹಿಡಿದು ಕರೆಯಿರಿ. ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿದರು. ಕೈ ಬಿಸಿಯಾಗಿದೆ, ನಾಡಿ ಜೋರಾಗಿ ಬಡಿಯುತ್ತಿದೆ. ಉಸಿರು ಎಣಿಸಿದರೆ ನಿಮಿಷಕ್ಕೆ 10. ಇದು ನಿದ್ದೆಯಲ್ಲ, ಇಂಗಾಲದ ಡೈಆಕ್ಸೈಡ್ ಏರಿದ ಮಂಪರು. ಆಕ್ಸಿಮೀಟರ್‌ಗೆ ಇದು ಕಾಣುವುದಿಲ್ಲ. ಅದು ಆಮ್ಲಜನಕವನ್ನು ಮಾತ್ರ ನೋಡುತ್ತದೆ.

ಏನು ಮಾಡಬೇಕು: ಡಾಕ್ಟರನ್ನು ತಕ್ಷಣ ಕರೆಯಿರಿ, ರೋಗಿಯನ್ನು ಬಿಟ್ಟು ಹೋಗಬೇಡಿ, ಅಂಬು ಬ್ಯಾಗ್ ಹತ್ತಿರ ತರಿಸಿ. ಮಾಸ್ಕ್ ಕಿತ್ತು ಪೂರ್ತಿ ನಿಲ್ಲಿಸಬೇಡಿ. ಹಾಗೆ ಮಾಡಿದರೆ ಸ್ಯಾಚುರೇಶನ್ ಮೊದಲಿಗಿಂತ ಕೆಳಗೆ ಕುಸಿಯಬಹುದು. 28% ಅಥವಾ 35% ವೆಂಚುರಿಗೆ ಇಳಿಸಿ 88–92%ರಲ್ಲಿ ಇಡುವ ಆರ್ಡರ್ ಪಡೆಯಿರಿ, ಎಬಿಜಿಗೆ ತಯಾರಿ ಮಾಡಿ. ಮಗಳಿಗೆ ಹೇಳಬೇಕಾದ್ದು ಹೀಗೆ: "ಅವ್ವಗ ಆಕ್ಸಿಜನ್ ಬಂದ್ ಮಾಡಂಗಿಲ್ಲವ್ವ. ಆಕಿಗೆ ಎಷ್ಟು ಬೇಕೋ ಅಷ್ಟೇ ಕೊಡ್ತೀವಿ." ಮಾಸ್ಕ್ ಸಣ್ಣದಾದರೆ ಮನೆಯವರಿಗೆ ಕೈಬಿಟ್ಟರು ಅನ್ನಿಸುತ್ತದೆ. ಈ ಎರಡು ಮಾತು ಬಿಡಬೇಡಿ.

ಹಾಸಿಗೆ ಪಕ್ಕ ನೋಡುವ ಕ್ರಮ:

- ಉಸಿರು: ಪೂರ್ತಿ ಒಂದು ನಿಮಿಷ ಎಣಿಸಿ. ಅಂದಾಜಿಗೆ 20 ಅಂತ ಬರೆಯುವುದು ಬೇಡ. 25 ಅಥವಾ ಜಾಸ್ತಿ, 8 ಅಥವಾ ಕಡಿಮೆ ಇದ್ದರೆ ಆಗಲೇ ತಿಳಿಸಿ.
- ಮಾತು: ಒಂದು ಪೂರ್ತಿ ವಾಕ್ಯ ಹೇಳಲು ಆಗುತ್ತದಾ? ಎರಡು ಪದಕ್ಕೆ ನಿಲ್ಲುತ್ತಾರಾ?
- ಕತ್ತಿನ ಸ್ನಾಯು, ಪಕ್ಕೆಲುಬಿನ ನಡುವಿನ ಎಳೆತ, ತುಟಿ ಮತ್ತು ನಾಲಿಗೆಯ ಬಣ್ಣ.
- ಎಚ್ಚರ: ಹೊಸದಾಗಿ ಗಾಬರಿ, ಮಾಸ್ಕ್ ಕಿತ್ತು ಹಾಕುವುದು, ಮಂಪರು. ಇವನ್ನು ಹಟ ಅಂತ ತಿಳಿಯಬೇಡಿ.
- ಆಕ್ಸಿಮೀಟರ್: ಅಲೆ ಸರಿಯಾಗಿ ಬರುತ್ತಿದ್ದರೆ ಮಾತ್ರ ಸಂಖ್ಯೆ ನಂಬಿ. ನೇಲ್ ಪಾಲಿಶ್, ಗಾಢ ಮೆಹಂದಿ, ತಣ್ಣನೆ ಕೈ, ಅಲುಗಾಟ, ಶಾಕ್ ಇದ್ದರೆ ತಪ್ಪು ತೋರಿಸಬಹುದು. ಮದುವೆ ಮನೆಯಿಂದ ಬಂದವರಾದರೆ ಕಿವಿ ಹಾಲೆ ನೋಡಿ. ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಸ್ವಲ್ಪ ಹೆಚ್ಚು ತೋರಿಸುವುದುಂಟು. ಬೆಂಕಿ ಅನಾಹುತದಲ್ಲಿ ಹೊಗೆ ಒಳಗೆ ಎಳೆದುಕೊಂಡವರಲ್ಲಿ 98% ಬಂದರೂ ನಂಬುವಂತಿಲ್ಲ.
- ಚರ್ಮ: ಕಿವಿಯ ಹಿಂದೆ, ಮೂಗಿನ ದಂಡೆ, ಕೆನ್ನೆ. ಬಾಯಿ ಒಣಗಿದೆಯಾ?

ಹಚ್ಚಿದ ಮೇಲೆ, ಫ್ಲೋ ಬದಲಿಸಿದ ಮೇಲೆ, ಪ್ರತಿ ಸಲ 5 ನಿಮಿಷ ರೋಗಿಯ ಹತ್ತಿರವೇ ನಿಲ್ಲಿ. ವಾರ್ಡಿನಲ್ಲಿ ಎಷ್ಟೇ ಕೆಲಸ ಇದ್ದರೂ ಈ 5 ನಿಮಿಷ ಕದಿಯಬೇಡಿ. ಸ್ಯಾಚುರೇಶನ್ ಹಾಗೇ ಇಡಲು ಪದೇ ಪದೇ ಫ್ಲೋ ಏರಿಸಬೇಕಾಗುತ್ತಿದ್ದರೆ ರೋಗಿ ಕೆಡುತ್ತಿದ್ದಾನೆ ಅಂತಲೇ ಅರ್ಥ. ಸಂಖ್ಯೆ 95% ಇದ್ದರೂ ತಿಳಿಸಿ.

ಸ್ಯಾಚುರೇಶನ್ ದಿಢೀರ್ ಬಿದ್ದರೆ ಮೊದಲು ರೋಗಿ, ಆಮೇಲೆ ಮಾಸ್ಕ್, ಟ್ಯೂಬ್, ಬಾಟಲಿ, ಫ್ಲೋಮೀಟರ್, ಸಿಲಿಂಡರ್. ಆಗುವುದಾದರೆ ಬೆನ್ನು ಎತ್ತರಿಸಿ ಕೂರಿಸಿ.

5. ಬರೆಯುವುದು ಮತ್ತು ಅಭ್ಯಾಸ (30 ನಿಮಿಷ)

"ಆಕ್ಸಿಜನ್ ಕೊಡಲಾಗಿದೆ" ಅಂತ ಬರೆದರೆ ಮುಂದಿನ ಡ್ಯೂಟಿಯವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಸಿ:

"ರಾತ್ರಿ 2.10. ವೆಂಚುರಿ 28%, 4 ಲೀಟರ್. ಗುರಿ 88–92%. ಸ್ಯಾಚುರೇಶನ್ 90%, ಉಸಿರು 22, ನಾಡಿ 104. ಕರೆದರೆ ಸರಿಯಾಗಿ ಉತ್ತರ ಕೊಡುತ್ತಾರೆ. ಡ್ಯೂಟಿ ಡಾಕ್ಟರಿಗೆ ತಿಳಿಸಿದೆ."

ಇಬ್ಬಿಬ್ಬರ ಜೋಡಿ ಮಾಡಿ. ಒಬ್ಬರು ರೋಗಿ, ಒಬ್ಬರು ನರ್ಸ್. ಪ್ರತಿ ಜೋಡಿಯೂ ಇಷ್ಟು ಮಾಡಿ ತೋರಿಸಬೇಕು: ಸಿಲಿಂಡರ್ ತೆರೆದು ಗೇಜ್ ಓದುವುದು, 3 ಲೀಟರ್ ಸರಿಯಾಗಿ ಇಡುವುದು, ಎನ್‌ಆರ್‌ಬಿ ಚೀಲ ತುಂಬಿಸುವುದು, ಗೆಳತಿಯ ಉಸಿರನ್ನು ಅವಳಿಗೆ ಗೊತ್ತಾಗದಂತೆ ನಾಡಿ ಹಿಡಿದುಕೊಂಡೇ ಒಂದು ನಿಮಿಷ ಎಣಿಸುವುದು, ಕೊನೆಗೆ ಚಾರ್ಟ್ ಬರೆಯುವುದು. ನಡುವೆ ಅವರಿಗೆ ಹೇಳದೆ ಒಂದು ಬಾಟಲಿಯ ಮುಚ್ಚಳ ಸಡಿಲ ಮಾಡಿಡಿ. ಯಾರು ಮೊದಲು ರೋಗಿಯ ಕಡೆ ನೋಡಿ, ಆಮೇಲೆ ಸೋರಿಕೆ ಹುಡುಕುತ್ತಾರೋ ಅವರ ಹೆಸರಿನ ಮುಂದೆ ಸಹಿ ಹಾಕಿ. ಉಳಿದವರು ಮತ್ತೊಮ್ಮೆ ಮಾಡಲಿ.