2024-25ನೇ ಸಾಲಿನ ವೆಚ್ಚ ಲೆಕ್ಕಪರಿಶೋಧನೆ: ಆಡಳಿತ ಮಂಡಳಿಗೆ ಟಿಪ್ಪಣಿ

ಗೆ: ಆಡಳಿತ ಮಂಡಳಿ, ಬೆಳಗಾವಿ
ದಿನಾಂಕ: 8 ಸೆಪ್ಟೆಂಬರ್ 2025

ಮಾನ್ಯರೇ,

ಕಂಪನಿಗಳ ಕಾಯ್ದೆ 2013ರ 148ನೇ ಕಲಮಿನ ಪ್ರಕಾರ ನಿಮ್ಮ ಎರಕ ಕಾರ್ಖಾನೆಯ ವೆಚ್ಚ ದಾಖಲೆಗಳನ್ನು ಪರಿಶೀಲಿಸಿದ್ದೇವೆ. ಸಿಆರ್‌ಎ-3 ನಮೂನೆಯ ವರದಿಯನ್ನು ಇದರೊಂದಿಗೆ ಇಟ್ಟಿದೆ. ವರದಿಯ ಕೋಷ್ಟಕಗಳು ಹೇಳದ ಕೆಲವು ಮಾತುಗಳು ಈ ಟಿಪ್ಪಣಿಯಲ್ಲಿವೆ.

ಸಾಮಗ್ರಿಯ ದಾಖಲೆಗಳು ಒಟ್ಟಾರೆ ಚೆನ್ನಾಗಿವೆ. ಪಿಗ್ ಐರನ್, ಗುಜರಿ ಮತ್ತು ಫೆರೋಸಿಲಿಕಾನ್‌ನ ಬಳಕೆ ಕುಲುಮೆಯ ಹೀಟ್ ಪುಸ್ತಕದೊಂದಿಗೆ ತಾಳೆಯಾಗುತ್ತದೆ. ಮತ್ತೆ ಕರಗಿಸುವ ರನ್ನರ್, ರೈಸರ್‌ಗಳ ತೂಕವನ್ನೂ ಪಾಳಿವಾರು ಬರೆದಿಟ್ಟಿದ್ದಾರೆ. ಕೋರ್ ವಿಭಾಗದ ವಿದ್ಯುತ್ ಉಪಮೀಟರ್ ಮಾತ್ರ ನವೆಂಬರ್‌ನಿಂದ ಕೆಟ್ಟಿದೆ; ಆ ನಂತರದ ಅಂಕಿಗಳು ಅಂದಾಜು. ಇಷ್ಟು ಚಿಕ್ಕ ದುರಸ್ತಿ ವರ್ಷ ಮುಗಿಯುವವರೆಗೂ ಉಳಿಯಬಾರದಿತ್ತು.

ನಮ್ಮ ಮುಖ್ಯ ಆಕ್ಷೇಪ ಮೇಲ್ವೆಚ್ಚದ ಹಂಚಿಕೆಗೆ ಸಂಬಂಧಿಸಿದ್ದು. ಕೋರ್ ವಿಭಾಗದ 3.96 ಕೋಟಿ ಮತ್ತು ಫೆಟ್ಲಿಂಗ್ ವಿಭಾಗದ 4.40 ಕೋಟಿ, ಒಟ್ಟು 8.36 ಕೋಟಿ ರೂಪಾಯಿಯನ್ನು 11,000 ಟನ್ ಉತ್ಪಾದನೆಗೆ ತೂಕದ ಮೇಲೆ ಸಮನಾಗಿ ಹಂಚಲಾಗಿದೆ. ಅಂದರೆ ಪ್ರತಿ ಟನ್ನಿಗೆ 7,600 ರೂಪಾಯಿ. ಕರಗಿಸುವ ವೆಚ್ಚಕ್ಕೆ ತೂಕ ಸರಿಯಾದ ಅಳತೆ. ಆದರೆ ಕೋರ್ ವಿಭಾಗಕ್ಕೆ ತೂಕದ ಗೊಡವೆಯೇ ಇಲ್ಲ. ಆರು ಕಿಲೋ ಪಂಪ್ ಕವಚದ ಒಳಗಿನ ತಿರುವುಗಳಿಗೆ ಮೂರು ಕೋರ್ ಬೇಕು. ಮೂವತ್ತೆರಡು ಕಿಲೋ ಫ್ಲೈವೀಲ್‌ಗೆ ಮಧ್ಯದ ರಂಧ್ರಕ್ಕೊಂದು ಸಾಕು. ಫೆಟ್ಲಿಂಗ್ ವಿಭಾಗದ ಉಜ್ಜಿ ತೆಗೆಯುವ ಕೆಲಸವೂ ಹಾಗೆಯೇ.

ವಿಭಾಗದ ಕೆಲಸದ ಚೀಟಿಗಳನ್ನು ಆಧರಿಸಿ ನಾವು ಮರುಲೆಕ್ಕ ಮಾಡಿದೆವು. ಕೋರ್ ಮರಳಿನ ತೂಕದಲ್ಲಿ ಶೇ 75 ಮತ್ತು ಫೆಟ್ಲಿಂಗ್‌ನ ಕೂಲಿ ಗಂಟೆಗಳಲ್ಲಿ ಶೇ 60 ಪಂಪ್ ಕವಚಗಳಿಗೆ ಸೇರಿದವು. ಆ ಪ್ರಕಾರ 4,000 ಟನ್ ಕವಚಗಳ ಪಾಲು 5.61 ಕೋಟಿ, ಅಂದರೆ ಟನ್ನಿಗೆ 14,025 ರೂಪಾಯಿ. 7,000 ಟನ್ ಫ್ಲೈವೀಲ್‌ಗಳ ಪಾಲು 2.75 ಕೋಟಿ, ಟನ್ನಿಗೆ 3,929 ರೂಪಾಯಿ.

ಉತ್ಪನ್ನ ವೆಚ್ಚ ಪಟ್ಟಿಗೆ ಇದನ್ನು ಅನ್ವಯಿಸಿದರೆ ಚಿತ್ರವೇ ಬದಲಾಗುತ್ತದೆ. ಟನ್ನಿಗೆ 1,24,000 ರೂಪಾಯಿಗೆ ಮಾರುವ ಕವಚದ ವೆಚ್ಚ ಕಂಪನಿಯ ಲೆಕ್ಕದಲ್ಲಿ 1,17,500, ಲಾಭ 6,500. ನಮ್ಮ ಲೆಕ್ಕದಲ್ಲಿ ವೆಚ್ಚ 1,23,925, ಉಳಿಯುವುದು 75 ರೂಪಾಯಿ. 92,000 ರೂಪಾಯಿಗೆ ಮಾರುವ ಫ್ಲೈವೀಲ್‌ನ ಲಾಭ 2,600ರಿಂದ 6,271ಕ್ಕೆ ಏರುತ್ತದೆ. ಕಂಪನಿಯ ಒಟ್ಟು ಲಾಭ 4.42 ಕೋಟಿ ಹಾಗೆಯೇ ಉಳಿಯುತ್ತದೆ; ಅದನ್ನು ದುಡಿಯುತ್ತಿರುವ ಉತ್ಪನ್ನ ಯಾವುದೆಂಬ ಉತ್ತರ ಮಾತ್ರ ತಲೆಕೆಳಗಾಗುತ್ತದೆ. ದೊಡ್ಡ ಪಂಪ್ ಗ್ರಾಹಕರಿಗೆ ಶೇ 3 ರಿಯಾಯಿತಿ ಕೊಡುವ ಪ್ರಸ್ತಾವ ಮಂಡಳಿಯ ಮುಂದಿದೆ ಎಂದು ತಿಳಿದಿದೆ. ಅದು ಟನ್ನಿಗೆ 3,720 ರೂಪಾಯಿ. ಕೊಟ್ಟರೆ ಪ್ರತಿ ಟನ್ನಿಗೂ 3,645 ರೂಪಾಯಿ ನಷ್ಟ.

ಕೋರ್ ಮರಳನ್ನು ಪ್ರತಿದಿನ ಯಾರು ತೂಗುತ್ತಾರೆ ಎಂದು ಕಾರ್ಖಾನೆಯ ವ್ಯವಸ್ಥಾಪಕರು ಕೇಳಿದರು. ಹೊಸದಾಗಿ ತೂಗಬೇಕಿಲ್ಲ. ಮಿಕ್ಸರ್ ನಡೆಸುವವರು ಬ್ಯಾಚ್ ಚೀಟಿಯಲ್ಲಿ ತೂಕ ಮತ್ತು ಕೋರ್ ಸಂಖ್ಯೆ ಬರೆಯುತ್ತಲೇ ಇದ್ದಾರೆ. ಆ ಚೀಟಿ ವೆಚ್ಚ ವಿಭಾಗವನ್ನು ತಲುಪುತ್ತಿಲ್ಲ, ಅಷ್ಟೆ.

ಎರಡನೆಯ ಆಕ್ಷೇಪ, ಆಗಸ್ಟ್‌ನಲ್ಲಿ ಕುಲುಮೆಯ ಕಾಯಿಲ್ ಸುಟ್ಟು ಹತ್ತೊಂಬತ್ತು ದಿನ ಉತ್ಪಾದನೆ ನಿಂತದ್ದು. ಆ ಅವಧಿಯ 46 ಲಕ್ಷ ರೂಪಾಯಿ ಸ್ಥಿರ ವೆಚ್ಚವನ್ನು ಉತ್ಪನ್ನಗಳ ಮೇಲೆಯೇ ಹೊರಿಸಲಾಗಿದೆ. ಸ್ಥಿರ ಮೇಲ್ವೆಚ್ಚವನ್ನು ಸಾಮಾನ್ಯ ಸಾಮರ್ಥ್ಯದ ಆಧಾರದಲ್ಲಿ ಹಂಚಬೇಕು, ಅಸಾಮಾನ್ಯ ವೆಚ್ಚವನ್ನು ಉತ್ಪನ್ನ ವೆಚ್ಚದಿಂದ ಹೊರಗಿಡಬೇಕು ಎಂಬುದು ವೆಚ್ಚ ಲೆಕ್ಕ ಮಾನದಂಡದ ನಿಯಮ. ಟನ್ನಿಗೆ ಸರಾಸರಿ 418 ರೂಪಾಯಿಯ ಈ ಹೊರೆಯನ್ನು ತೆಗೆದು ನೇರವಾಗಿ ಲಾಭ-ನಷ್ಟಕ್ಕೆ ಹಾಕಬೇಕು. ಮೇಲಿನ ಹೋಲಿಕೆಯಲ್ಲಿ ಇದನ್ನು ಸೇರಿಸಿಲ್ಲ.

ವೆಚ್ಚ ಲೆಕ್ಕದ 4.42 ಕೋಟಿ ಮತ್ತು ಹಣಕಾಸು ಲೆಕ್ಕದ 4.71 ಕೋಟಿ ಲಾಭದ ನಡುವಿನ ವ್ಯತ್ಯಾಸ ತಾಳೆಯಾಗಿದೆ: ಠೇವಣಿಯ ಬಡ್ಡಿ 21 ಲಕ್ಷ ಮತ್ತು ಹಳೆಯ ಯಂತ್ರ ಮಾರಿದ ಲಾಭ 11 ಲಕ್ಷ ಕೂಡಿಸಿ, ದಂಡ 3 ಲಕ್ಷ ಕಳೆದರೆ ಸರಿಹೋಗುತ್ತದೆ.

ಹಂಚಿಕೆಯ ಆಧಾರ ಮತ್ತು ಕುಲುಮೆ ನಿಂತ ವೆಚ್ಚ, ಈ ಎರಡರ ಮೇಲಿನ ಷರತ್ತುಬದ್ಧ ಅಭಿಪ್ರಾಯ ವರದಿಯಲ್ಲಿ ಉಳಿಯುತ್ತದೆ. ವರದಿ ಕೈಸೇರಿದ 30 ದಿನಗಳೊಳಗೆ ಸಿಆರ್‌ಎ-4 ನಮೂನೆಯಲ್ಲಿ ಕೇಂದ್ರ ಸರ್ಕಾರಕ್ಕೆ ಸಲ್ಲಿಸುವಾಗ ಇವೆರಡಕ್ಕೂ ಮಂಡಳಿಯ ವಿವರಣೆ ಜೊತೆಗಿರಬೇಕು. ರಿಯಾಯಿತಿ ಪ್ರಸ್ತಾವವನ್ನು ಪರಿಷ್ಕೃತ ವೆಚ್ಚ ಪಟ್ಟಿ ಸಿದ್ಧವಾಗುವವರೆಗೆ ತಡೆಹಿಡಿಯುವಂತೆ ಕೋರುತ್ತೇವೆ.

ಇತಿ ತಮ್ಮ ವಿಶ್ವಾಸಿ,
ವೆಚ್ಚ ಲೆಕ್ಕಪರಿಶೋಧಕರು