ಅಡ್ವಾನ್ಸ್ ಬಾಕಿ 89,200 ರೂಪಾಯಿ ವಾಪಸ್ ಕೊಡುವ ಬಗ್ಗೆ

ಬೆಂಗಳೂರು
6 ಅಕ್ಟೋಬರ್ 2025

ಮಾನ್ಯ ಅಂಕಲ್ ಅವರಿಗೆ ನಮಸ್ಕಾರ,

ಸೆಪ್ಟೆಂಬರ್ 8ರಂದು ನಮ್ಮ ಮನೆಯವರು ನಿಮಗೆ ಇಂಗ್ಲಿಷ್‌ನಲ್ಲಿ ಒಂದು ಪತ್ರ ಕಳಿಸಿದ್ದರು. ಅದನ್ನು ಓದಿ ನೀವು ಫೋನ್ ಮಾಡಿ, "ವಕೀಲರ ನೋಟಿಸ್ ಥರ ಇದೆ, ಕನ್ನಡದಲ್ಲಿ ಬರೆಯೋಕೆ ಆಗಲ್ವಾ?" ಎಂದು ಬೇಸರ ಮಾಡಿಕೊಂಡಿರಿ. ನಿಮ್ಮ ಮಾತು ನ್ಯಾಯವೇ. ಅವರಿಗೆ ಆಫೀಸಿನಲ್ಲಿ ಬರೆದು ಬರೆದು ಅದೇ ಅಭ್ಯಾಸ. ಹಾಗಾಗಿ ಅದೇ ಪತ್ರವನ್ನು ಈಗ ಕನ್ನಡದಲ್ಲಿ ನಾನು ಬರೆಯುತ್ತಿದ್ದೇನೆ. ವಿಷಯ ಅದೇ, ಲೆಕ್ಕವೂ ಅದೇ.

2022ರ ಜೂನ್ 1ರಿಂದ 2025ರ ಮೇ 31ರವರೆಗೆ, ಮೂರು ವರ್ಷ ನಾವು ನಿಮ್ಮ ಎರಡನೇ ಮಹಡಿ ಮನೆಯಲ್ಲಿ ಇದ್ದೆವು. ಬರುವಾಗ 1,50,000 ರೂಪಾಯಿ ಅಡ್ವಾನ್ಸ್ ಕೊಟ್ಟಿದ್ದೆವು: ಮನೆ ನೋಡಿದ ದಿನ 20,000 ಕ್ಯಾಶ್, ಉಳಿದ 1,30,000 ನಿಮ್ಮ ಬ್ಯಾಂಕ್ ಖಾತೆಗೆ. ಎರಡೂ ಅಗ್ರಿಮೆಂಟ್‌ನಲ್ಲಿ ಬರೆದಿದೆ. ಮನೆ ಖಾಲಿ ಮಾಡುವ ವಿಷಯ ಎರಡು ತಿಂಗಳು ಮುಂಚೆ, ಮಾರ್ಚ್ 28ಕ್ಕೇ ಹೇಳಿದ್ದೆವು. ಮೇ ತಿಂಗಳ ಬಾಡಿಗೆ, ಕರೆಂಟ್ ಬಿಲ್, ನೀರಿನ ದುಡ್ಡು ಎಲ್ಲ ಕಟ್ಟಿಯೇ ಹೊರಟೆವು. ಗೃಹಜ್ಯೋತಿಯಿಂದ ನಮ್ಮ ಆಧಾರ್ ತೆಗೆಸಿ, ಮುಂದೆ ಬರುವವರಿಗೆ ತೊಂದರೆ ಆಗದ ಹಾಗೆ ಮಾಡಿದ್ದೇವೆ. ಬಾಗಿಲಿನ ಎರಡು ಬೀಗದ ಕೈ, ಟೆರೇಸಿನದೊಂದು, ಮೂರನ್ನೂ ಆಂಟಿ ಕೈಗೆ ಕೊಟ್ಟೆ. ಆಂಟಿ ಅರಿಶಿನ ಕುಂಕುಮ ಕೊಟ್ಟು, ತೆಂಗಿನಕಾಯಿ ಕೊಟ್ಟು ಕಳಿಸಿದರು. ಅದು ನನಗೆ ನೆನಪಿದೆ, ಅದಕ್ಕೇ ಇಂಥ ಪತ್ರ ಬರೆಯಲು ಮನಸ್ಸು ಹಿಂಜರಿಯುತ್ತದೆ. ಆದರೂ ಬರೆಯಲೇಬೇಕಾಗಿದೆ.

ಅಗ್ರಿಮೆಂಟ್‌ನಲ್ಲಿ ಇರುವುದು ಇಷ್ಟು: ಮನೆ ಖಾಲಿ ಮಾಡಿದ ದಿನ, ಬಾಕಿ ಏನಾದರೂ ಇದ್ದರೆ ಹಿಡಿದುಕೊಂಡು, ಉಳಿದ ಅಡ್ವಾನ್ಸ್ ಬಡ್ಡಿ ಇಲ್ಲದೆ ವಾಪಸ್ ಕೊಡಬೇಕು. ಆ ದಿನ ನೀವು, "ಹೊಸಬರು ಅಡ್ವಾನ್ಸ್ ಕೊಟ್ಟ ಕೂಡಲೇ ಕೊಡ್ತೀನಿ" ಎಂದಿರಿ. ಒಪ್ಪಿದೆವು. ಜೂನ್ 14ಕ್ಕೆ 40,000 ಹಾಕಿದಿರಿ, ಅದು ಬಂದಿದೆ. ಹೊಸಬರು ಜುಲೈ ಮೊದಲ ವಾರವೇ ಹಾಲು ಉಕ್ಕಿಸಿ ಬಂದರು. ಆಮೇಲೆ ಮಗಳ ಕಾಲೇಜ್ ಫೀಸ್ ಇದೆ ಎಂದಿರಿ. ಆಮೇಲೆ ಗೌರಿ ಗಣೇಶ ಮುಗಿಯಲಿ ಎಂದಿರಿ, ಆಮೇಲೆ ದಸರಾ. ದಸರಾನೂ ಮುಗಿಯಿತು ಅಂಕಲ್.

ಇನ್ನು ಆಗಸ್ಟ್ 19ಕ್ಕೆ ನೀವು ವಾಟ್ಸಾಪ್‌ನಲ್ಲಿ ಕಳಿಸಿದ ಪಟ್ಟಿಯ ವಿಷಯ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ 18,000 ಹಿಡಿದುಕೊಳ್ಳುವುದು ಮೊದಲೇ ಮಾತಾಗಿತ್ತು, ಅದರಲ್ಲಿ ನಮ್ಮ ತಕರಾರಿಲ್ಲ. ನೀವು ಕೊಟ್ಟ 40,000ದ ಜೊತೆ ಅದೂ ಹೋದರೆ ಉಳಿಯುವುದು 92,000. ಅದರಲ್ಲಿ ಮತ್ತೆ ಗೋಡೆಗೆ 52,000, ಸೊಳ್ಳೆ ಪರದೆಗೆ 9,500, ವಾರ್ಡ್‌ರೋಬ್ ಬಾಗಿಲಿಗೆ 6,000, ವಾಶ್‌ಬೇಸಿನ್‌ಗೆ 2,800 ಎಂದು 70,300 ಕಳೆದು, 21,700 ಮಾತ್ರ ಕೊಡುತ್ತೇನೆ ಎಂದು ಬರೆದಿದ್ದೀರಿ.

ವಾಶ್‌ಬೇಸಿನ್ ನಮ್ಮದೇ ತಪ್ಪು. ಮಗ ಸ್ಟೀಲ್ ಚೊಂಬು ಬೀಳಿಸಿ ಬಿರುಕು ಬಿಟ್ಟಿತು. ಆ 2,800 ಹಿಡಿದುಕೊಳ್ಳಿ.

ಗೋಡೆಯದು ಮಾತ್ರ ಒಪ್ಪಲಾಗುವುದಿಲ್ಲ. ಹಾಲ್‌ನ ಗೋಡೆ, ಮೇಲೆ ನೀರಿನ ಟ್ಯಾಂಕ್ ಇರುವ ಮೂಲೆ, ನಾವು ಬಂದ ಎರಡೇ ತಿಂಗಳಿಗೆ ಒದ್ದೆಯಾಗಲು ಶುರುವಾಯಿತು. ಮೊದಲು ಅಂಗೈಯಷ್ಟು ಕಪ್ಪು ಕಲೆ, ಆಮೇಲೆ ಪೇಂಟ್ ಉಬ್ಬಿ ಹಪ್ಪಳದ ಹಾಗೆ ಎದ್ದು ಬೀಳುತ್ತಿತ್ತು. ಬೆಳಗ್ಗೆ ಕಸ ಗುಡಿಸುವಾಗ ದಿನಾ ಒಂದು ಮೊರ ಸುಣ್ಣದ ಪುಡಿ. 2022ರ ಆಗಸ್ಟ್ 11ರಂದೇ ನಿಮಗೆ ಅದರ ಫೋಟೋ ಕಳಿಸಿದ್ದೇನೆ. ನೀವೇ ಬಂದು ನೋಡಿ, ಪ್ಲಂಬರ್‌ನ ಕರೆಸಿ ಟ್ಯಾಂಕಿನ ಪೈಪ್ ಬದಲಾಯಿಸಿದಿರಿ. ಗೋಡೆ ಕೆಲಸಕ್ಕೆ, "ಮಳೆಗಾಲ ಮುಗೀಲಿ" ಎಂದಿರಿ. ಮೂರು ಮಳೆಗಾಲ ಮುಗಿದವು. ನಾವು ಸೋಫಾವನ್ನು ಆ ಗೋಡೆಯಿಂದ ದೂರ ಎಳೆದುಕೊಂಡು ಕೂತೆವೇ ಹೊರತು ಜಗಳ ಮಾಡಲಿಲ್ಲ. ಟ್ಯಾಂಕ್ ನಿಮ್ಮದು, ಟೆರೇಸ್ ನಿಮ್ಮದು, ಅಲ್ಲಿಂದ ಇಳಿದ ನೀರಿಗೆ ನಾವು ದುಡ್ಡು ಕೊಡುವುದು ಹೇಗೆ ಸರಿ, ನೀವೇ ಹೇಳಿ.

ಸೊಳ್ಳೆ ಪರದೆ, ವಾರ್ಡ್‌ರೋಬ್ ವಿಷಯಕ್ಕೆ ಇಂಗ್ಲಿಷ್ ಪತ್ರದಲ್ಲಿ "ವೇರ್ ಅಂಡ್ ಟೇರ್" ಎಂದು ಬರೆದಿದ್ದರು. ಅದನ್ನು ಓದಿ ನೀವು, "ಹರಿದಿದ್ದೇವೆ ಅಂತ ನೀವೇ ಒಪ್ಪಿಕೊಂಡಿದ್ದೀರಲ್ಲ" ಎಂದಿರಿ. ಅದರ ಅರ್ಥ ಹಾಗಲ್ಲ. ಜನ ವಾಸ ಮಾಡಿದ ಮನೆಯಲ್ಲಿ ವಸ್ತು ತಾನಾಗಿ ಸವೆಯುತ್ತದೆ, ಆ ಸವೆತ ಬಾಡಿಗೆದಾರರ ತಲೆ ಮೇಲೆ ಬರುವುದಿಲ್ಲ ಎಂದು. ನಾವು ಬರುವಾಗಲೇ ಪರದೆಯ ಅಂಚು ಹಳದಿಯಾಗಿ ಮುಟ್ಟಿದರೆ ಪುಡಿಯಾಗುತ್ತಿತ್ತು. ವಾರ್ಡ್‌ರೋಬ್‌ನ ಕೀಲು ತುಕ್ಕು ಹಿಡಿದು ಸಡಿಲವಾಗಿದೆ ಅಷ್ಟೇ, ಬಾಗಿಲು ಮುರಿದಿಲ್ಲ. ಇದು ನಾವು ಕಟ್ಟಿದ ಮಾತಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲೇ ಸಹಜ ಸವೆತವನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ ಬಾಡಿಗೆದಾರ ಜವಾಬ್ದಾರ ಎಂದಿದೆ.

ಹಾಗಾಗಿ ಲೆಕ್ಕ ಹೀಗಾಗುತ್ತದೆ. 1,50,000ದಲ್ಲಿ ನೀವು ಕೊಟ್ಟ 40,000, ಪೇಂಟಿಂಗ್ 18,000, ವಾಶ್‌ಬೇಸಿನ್ 2,800 ಕಳೆದರೆ ನಮಗೆ ಬರಬೇಕಾದ್ದು 89,200 ರೂಪಾಯಿ. ಗೋಡೆಗೆ ನಿಜವಾಗಿ ಖರ್ಚು ಮಾಡಿದ್ದರೆ ಅದರ ಬಿಲ್ ಆದರೂ ತೋರಿಸಿ ಎಂದು ಎರಡು ಸಲ ಕೇಳಿದೆವು, ಈವರೆಗೆ ಒಂದೂ ಬಂದಿಲ್ಲ.

ಈಗ ನಾವಿರುವ ಹೊಸ ಮನೆಯ ಅಡ್ವಾನ್ಸ್‌ಗಾಗಿ ನನ್ನ ಸರ ಬ್ಯಾಂಕಿನಲ್ಲಿ ಅಡ ಇಟ್ಟಿದ್ದೇವೆ. ನಿಮ್ಮಿಂದ ದುಡ್ಡು ಬಂದ ಕೂಡಲೇ ಬಿಡಿಸಿಕೊಳ್ಳೋಣ, ಒಂದು ತಿಂಗಳ ಮಾತು ತಾನೇ ಎಂದುಕೊಂಡಿದ್ದೆವು. ನಾಲ್ಕು ತಿಂಗಳಾಯಿತು, ಬಡ್ಡಿ ಓಡುತ್ತಲೇ ಇದೆ. ನಿಮಗೂ ಖರ್ಚುಗಳಿವೆ, ಗೊತ್ತು. ಆದರೆ ಅಡ್ವಾನ್ಸ್ ಎಂದರೆ ನಿಮ್ಮ ಹತ್ತಿರ ಇಟ್ಟ ನಮ್ಮ ದುಡ್ಡು, ಅಲ್ವಾ?

ದಯವಿಟ್ಟು ಅಕ್ಟೋಬರ್ 24, ಶುಕ್ರವಾರದೊಳಗೆ 89,200 ರೂಪಾಯಿಯನ್ನು ಜೂನ್‌ನಲ್ಲಿ ಹಾಕಿದ ಅದೇ ಖಾತೆಗೆ ಹಾಕಿ. ಮಧ್ಯೆ ದೀಪಾವಳಿ ಇದೆ ಎಂದೇ 15 ದಿನದ ಬದಲು 18 ದಿನ ಬಿಟ್ಟಿದ್ದೇವೆ. ಒಂದೇ ಸಲಕ್ಕೆ ಕಷ್ಟವಾದರೆ, 24ಕ್ಕೆ 50,000, ನವೆಂಬರ್ 10ಕ್ಕೆ 39,200 ಎಂದು ಎರಡು ಕಂತು ಮಾಡಿಕೊಳ್ಳಿ. ಆದರೆ ಅದನ್ನು ಬರೆದು ತಿಳಿಸಿ. ಫೋನಿನಲ್ಲಿ "ನೋಡೋಣ" ಎಂದರೆ ಇನ್ನು ಒಪ್ಪುವುದಿಲ್ಲ.

24 ದಾಟಿದರೆ ನಾವು ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡುತ್ತೇವೆ. ಕೇಸ್ ಹಾಕುವ ಮೊದಲೇ ಇಬ್ಬರನ್ನೂ ಕೂರಿಸಿ ಲೋಕ ಅದಾಲತ್‌ನಲ್ಲಿ ಮಾತಾಡಿಸುವ ವ್ಯವಸ್ಥೆ ಅಲ್ಲಿದೆ. ಅಲ್ಲೂ ಆಗದಿದ್ದರೆ ವಕೀಲರ ನೋಟಿಸ್, ಆಮೇಲೆ ಕೋರ್ಟ್. ಆಗ ಖರ್ಚು, ಬಡ್ಡಿ ಎರಡನ್ನೂ ಸೇರಿಸಿಯೇ ಕೇಳಬೇಕಾಗುತ್ತದೆ. ಹೆದರಿಸಲು ಬರೆಯುತ್ತಿಲ್ಲ, ಮುಂದೇನು ಎಂದು ನೀವು ಕೇಳಿದ್ದಿರಿ, ಅದಕ್ಕೆ ಹೇಳುತ್ತಿದ್ದೇನೆ.

ಅಗ್ರಿಮೆಂಟ್, 1,30,000 ಕಳಿಸಿದ ಬ್ಯಾಂಕ್ ದಾಖಲೆ, 2022ರ ಗೋಡೆ ಫೋಟೋ, ಮೇ ತಿಂಗಳ ಕರೆಂಟ್ ಬಿಲ್ ರಸೀದಿ, ಎಲ್ಲದರ ಜೆರಾಕ್ಸ್ ಜೊತೆಗಿದೆ. ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಒಂದು ಫೋಟೋ ವಾಟ್ಸಾಪ್‌ಗೂ ಹಾಕಿದ್ದೇನೆ. ದುಡ್ಡು ಬಂದ ದಿನವೇ "ಲೆಕ್ಕ ಚುಕ್ತಾ" ಎಂದು ಸಹಿ ಮಾಡಿದ ರಸೀದಿ ತಂದು ಕೊಡುತ್ತೇವೆ. ಆಂಟಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ಸುನೀತಾ
(ಎರಡನೇ ಮಹಡಿಯಲ್ಲಿ ಇದ್ದವರು)