ಬದಿಯಡ್ಕದ ವಾರ್ಷಿಕ ವಿತರಕರ ಸಭೆಯಲ್ಲಿ ಆಡಿದ ಮಾತು

ಎಲ್ಲರಿಗೂ ನಮಸ್ಕಾರ. ಮಂಜೇಶ್ವರ, ಉಪ್ಪಳ, ಪೆರ್ಲ, ಮುಳ್ಳೇರಿಯಾ ಕಡೆಯಿಂದೆಲ್ಲ ಬಂದಿದ್ದೀರಿ. ಒಂದು ದಿನ ಅಂಗಡಿ ಬಿಟ್ಟು ಬರುವುದು ಸುಲಭವಲ್ಲ, ಅಲ್ವಾ? ತುಂಬಾ ಸಂತೋಷ.

ನಮ್ಮ ಮೈಲುತುತ್ತು, ಸುಣ್ಣ, ಸ್ಪ್ರೇಯರುಗಳಿಗೆ ಬೇಡಿಕೆ ಬರುವುದು ಮಳೆ ಶುರುವಾಗುವ ಹೊತ್ತಿಗೆ. ಮಳೆಗೆ ಮೊದಲು ಅಡಿಕೆಗೆ ಒಂದು ಸಲ ಮದ್ದು ಬಿಡಬೇಕು, 40-45 ದಿನ ಕಳೆದು ಇನ್ನೊಮ್ಮೆ. ಮಳೆ ಬಿಡುವು ಕೊಟ್ಟ ದಿನ ಎಲ್ಲರೂ ಒಟ್ಟಿಗೆ ಅಂಗಡಿಗೆ ಬರುತ್ತಾರೆ. ಆ ದಿನ ಮಾಲು ಇಲ್ಲವೆಂದರೆ ಕೊಳೆರೋಗ ಕಾಯುವುದಿಲ್ಲ. ಅದಕ್ಕೇ ನೀವು ಏಪ್ರಿಲಿನಲ್ಲೇ ದುಡ್ಡು ಹಾಕಿ ಗೋದಾಮು ತುಂಬಿಸುತ್ತೀರಿ.

ಆ ದುಡ್ಡು ಬೇಗ ವಾಪಸು ಬರುವುದೂ ಇಲ್ಲ. "ಅಡಿಕೆ ಮಾರಿ ಕೊಡ್ತೇನೆ" ಎಂದು ಹೇಳಿ ಕೃಷಿಕರು ಚೀಲ ಕೊಂಡೊಯ್ಯುತ್ತಾರೆ. ಕೊಯ್ಲಾಗಬೇಕು, ಅಂಗಳದಲ್ಲಿ ಒಣಗಬೇಕು, ಸುಲಿಯಬೇಕು, ಆಮೇಲೆ ಮಾರಾಟ. ಅಷ್ಟೂ ತಿಂಗಳು ಆ ಸಾಲದ ಪುಸ್ತಕ ನಿಮ್ಮ ಮೇಜಿನಲ್ಲೇ ಇರುತ್ತದೆ. ನಮ್ಮ ಕಂಪನಿಯ ಹೆಸರು ತೋಟದವರೆಗೆ ಹೋದದ್ದು ಈ ನಂಬಿಕೆಯಿಂದಲೇ.

ಇನ್ನೊಂದು ಹೇಳಲೇಬೇಕು. ಹೋದ ವರ್ಷ ಪೆರ್ಲದ ಒಂದು ಅಂಗಡಿಯಲ್ಲಿ ನಾನು ಕೂತಿದ್ದೆ. ಒಬ್ಬರು ಹೊಸದಾಗಿ ತೋಟ ನೋಡಿಕೊಳ್ಳುತ್ತಿದ್ದವರು ಬಂದರು. ನಮ್ಮ ಡೀಲರ್ ಚೀಲ ಕೊಟ್ಟು ಸುಮ್ನೆ ಕಳುಹಿಸಲಿಲ್ಲ. 100 ಲೀಟರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯಿರಿ ಎಂದರು. ಕಬ್ಬಿಣದ ಕತ್ತಿ ಅದ್ದಿ ನೋಡಿ, ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಕಲಸಿದ್ದನ್ನು ಅದೇ ದಿನ ಮುಗಿಸಿ ಎಂದೂ ಹೇಳಿದರು. ನಮ್ಮ ಎಷ್ಟೋ ಜಾಹೀರಾತುಗಳಿಗಿಂತ ಈ ಮಾತು ಜಾಸ್ತಿ ಕೆಲಸ ಮಾಡುತ್ತದೆ.

ಇನ್ನು ಈ ವರ್ಷದ ಸ್ಕೀಮು. ಮೊದಲನೆಯದು, ನೀವೆಲ್ಲ ಕೇಳುತ್ತಿದ್ದದ್ದು: ಮಾಲಿಗೆ ಹಣ ಕಟ್ಟಲು ಇದ್ದ 30 ದಿನದ ಗಡುವು, ಏಪ್ರಿಲಿನಿಂದ ಜುಲೈವರೆಗಿನ ಬಿಲ್ಲುಗಳಿಗೆ 90 ದಿನ. 15 ದಿನದೊಳಗೆ ಕಟ್ಟುವವರಿಗೆ ಶೇ. 3 ಕ್ಯಾಶ್ ಡಿಸ್ಕೌಂಟ್. ಸೀಸನ್ನಿನಲ್ಲಿ ಐದು ಟನ್ ಮೈಲುತುತ್ತು ಎತ್ತಿದರೆ ಶೇ. 2, ಹತ್ತು ಟನ್ನಿಗೆ ಶೇ. 3.5 ಇನ್ಸೆಂಟಿವ್. ಇದರ ಕ್ರೆಡಿಟ್ ನೋಟ್ ಆಗಸ್ಟ್ 31ರೊಳಗೆ ನಿಮ್ಮ ಕೈಗೆ ಬರುತ್ತದೆ. ಒದ್ದೆಯಾದ, ಹರಿದ ಚೀಲ ಬಂದರೆ ಫೋಟೋ ಕಳುಹಿಸಿ, ಬದಲಿ ಚೀಲ ಮುಂದಿನ ಲೋಡಿನಲ್ಲೇ ಬರುತ್ತದೆ. ನಿಮ್ಮ ಅಂಗಡಿಯ ಕೆಲಸದವರಿಗೆ ಒಂದು ಲಕ್ಷದ ಅಪಘಾತ ವಿಮೆ, ಪ್ರೀಮಿಯಂ ನಮ್ಮದು. ಚೀಲ ಹೊತ್ತು ಲಾರಿ ಇಳಿಸುವವರು ಅವರೇ ತಾನೆ.

ಕಲಸುವ ಕ್ರಮದ ಚೀಟಿಯನ್ನು ಕನ್ನಡ, ಮಲಯಾಳ ಎರಡರಲ್ಲೂ ಅಚ್ಚು ಹಾಕಿಸಿದ್ದೇವೆ, ಹೋಗುವಾಗ ಕಟ್ಟು ತೆಗೆದುಕೊಂಡು ಹೋಗಿ. ಸ್ಕೀಮಿನ ಪತ್ರ ಬಾಗಿಲ ಬಳಿಯ ಮೇಜಿನಲ್ಲಿದೆ, ಓದಿ ಸಹಿ ಹಾಕಿ. ಏನಾದರೂ ಕೇಳುವುದಿದ್ದರೆ ಈಗಲೇ ಕೇಳಿ, ಊಟ ಅರ್ಧ ಗಂಟೆಯಲ್ಲಿ ತಯಾರಾಗುತ್ತದೆ.